ಡೆಂಗಿ: ಜ್ವರ ಬಿಟ್ಟ ಮೇಲಿನ ಎರಡು ದಿನ

ಪ್ರಶ್ನೆ: ನಮ್ಮ ಹುಡುಗಗ 11 ವರ್ಷ, ತೂಕ 30 ಕೆಜಿ. ರವಿವಾರ ಜ್ವರ ಬಂತು, 103ರ ತನಕ ಏರತಿತ್ತು. ಮಂಗಳವಾರ ರಕ್ತಾ ತಪಾಸ್ ಮಾಡಿ ಡೆಂಗಿ ಅಂದ್ರು, ಗುಳಿಗಿ ಕೊಟ್ಟು ಮನಿಗೆ ಕಳಿಸಿದ್ರು. ಗುರುವಾರ ಮುಂಜಾನೆ ಜ್ವರ ಪೂರ್ತಿ ಬಿಡ್ತು, ಪಾರಾದ್ವಿ ಅನ್ಕೊಂಡ್ವಿ. ಶುಕ್ರವಾರ ಮುಂಜಾನೆ ಹೊಟ್ಟಿನೋವು, ಮೂರ್ ಸಲ ವಾಂತಿ, ಕೈಕಾಲು ತಣ್ಣಗ. ದವಾಖಾನಿಗೆ ಒಯ್ದ್ರ ಸೀದಾ ಐಸಿಯುದಾಗ ಹಾಕಿದ್ರು. ಪ್ಲೇಟ್‌ಲೆಟ್ 62 ಸಾವಿರಕ್ಕ ಇಳದಿತ್ತು, ಆದ್ರೂ ಪ್ಲೇಟ್‌ಲೆಟ್ ಹಾಕಲಿಲ್ಲ, ಬರೇ ಸಲೈನ್ ಹಚ್ಚಿದ್ರು. ಪಿಸಿವಿ 38 ಇದ್ದದ್ದು 46 ಆಗೇದ, ಬಿಪಿ 100/80 ಅಂತ ಬರದಾರ. ಈಗ ಹುಷಾರ್ ಅದಾನ. ಜ್ವರ ಇದ್ದಾಗ ಮನಿಗೆ, ಜ್ವರ ಬಿಟ್ಟ ಮ್ಯಾಲೆ ಐಸಿಯು, ಹಿಂಗ್ಯಾಕ?
— ಓದುಗರೊಬ್ಬರು, ಮುಧೋಳ, ಬಾಗಲಕೋಟೆ ಜಿಲ್ಲೆ

ಉತ್ತರ: ಎರಡೂ ಸಲ ವೈದ್ಯರು ಮಾಡಿದ್ದು ಸರಿಯಾಗಿಯೇ ಇದೆ. ನಿಮ್ಮ ರಿಪೋರ್ಟಿನಲ್ಲಿ ಎಲ್ಲರ ಕಣ್ಣಿಗೆ ಬೀಳುವುದು 62 ಸಾವಿರ ಎಂಬ ಅಂಕಿ. ಆದರೆ ಮಗುವನ್ನು ಐಸಿಯುಗೆ ಒಯ್ದದ್ದು ನೀವು ಕೊನೆಗೆ ಬರೆದಿರುವ ಪಿಸಿವಿ ಮತ್ತು ಬಿಪಿ.

ಮೊದಲು ದಿನದ ಲೆಕ್ಕ ನೋಡೋಣ. ಡೆಂಗಿಯಲ್ಲಿ ಜ್ವರ ಕಾಣಿಸಿಕೊಂಡ ದಿನವನ್ನೇ ಒಂದನೇ ದಿನ ಎಂದು ಹಿಡಿಯುತ್ತಾರೆ. ರವಿವಾರ ಒಂದಾದರೆ ರಕ್ತ ತಪಾಸಣೆಯ ಮಂಗಳವಾರ ಮೂರನೇ ದಿನ, ಜ್ವರ ಬಿಟ್ಟ ಗುರುವಾರ ಐದನೇ ದಿನ, ಹೊಟ್ಟೆನೋವು ಬಂದ ಶುಕ್ರವಾರ ಆರನೇ ದಿನ. ಜ್ವರದ ಹಂತ 2ರಿಂದ 7 ದಿನ ಇರುತ್ತದೆ. ಅದು ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ, ಕೆಲವರಲ್ಲಿ ಅಪಾಯದ ಹಂತ ಶುರುವಾಗಿ 24ರಿಂದ 48 ತಾಸು ನಡೆಯುತ್ತದೆ. ಆಮೇಲಿನ ಎರಡು ಮೂರು ದಿನ ಚೇತರಿಕೆ. ಡೆಂಗಿ ಬಂದ ಬಹುತೇಕರು ಈ ನಡುವಿನ ಹಂತವನ್ನು ಗೊತ್ತೇ ಆಗದಂತೆ ದಾಟಿಬಿಡುತ್ತಾರೆ. ಆದರೆ ಯಾರು ದಾಟುತ್ತಾರೆ, ಯಾರು ಸಿಕ್ಕಿಕೊಳ್ಳುತ್ತಾರೆ ಎಂದು ಮೂರನೇ ದಿನ ಖಚಿತವಾಗಿ ಹೇಳಲು ಬರುವುದಿಲ್ಲ. ವಾಂತಿ, ಹೊಟ್ಟೆನೋವು ಇಲ್ಲದೆ, ಬಾಯಿಂದ ನೀರು ಕುಡಿಯುತ್ತಿದ್ದ ಹುಡುಗನನ್ನು ಅಂದು ಮನೆಗೆ ಕಳಿಸಿದ್ದು ಅದಕ್ಕೇ. ಕಳಿಸುವಾಗ 'ಜ್ವರ ಬಿಟ್ಟ ದಿನ ತಪ್ಪದೆ ಬನ್ನಿ' ಎಂಬ ಮಾತು ಕಿವಿಗೆ ಬೀಳಬೇಕಿತ್ತು. ಎಷ್ಟೋ ಕಡೆ ಹೇಳದೆ ಉಳಿಯುವ ಮಾತು ಇದೇ.

ಇನ್ನು ಜ್ವರ ಇಳಿಯುವಾಗಲೇ ಅಪಾಯ ಯಾಕೆ ಬರುತ್ತದೆ ಎಂಬ ವಿಷಯ. ಮೊದಲ ಮೂರು ನಾಲ್ಕು ದಿನ ರಕ್ತದಲ್ಲಿ ವೈರಸ್ ತುಂಬಿರುತ್ತದೆ, ಜ್ವರ ಅದಕ್ಕೆ ದೇಹ ಕೊಡುವ ಉತ್ತರ. ನಾಲ್ಕೈದನೇ ದಿನಕ್ಕೆ ರೋಗನಿರೋಧಕ ಕಣಗಳು ಪೂರ್ತಿ ಎದ್ದು, ಸೋಂಕು ಹಿಡಿದ ಜೀವಕೋಶಗಳನ್ನು ಹುಡುಕಿ ಕೊಲ್ಲತೊಡಗುತ್ತವೆ. ವೈರಸ್ ಬೇಗ ಬೇಗ ಕಡಿಮೆಯಾಗಿ ಜ್ವರ ಇಳಿಯುತ್ತದೆ. ಆದರೆ ಆ ಹೊಡೆದಾಟದಲ್ಲಿ ಎರಡೂ ಕಡೆಯಿಂದ ರಕ್ತಕ್ಕೆ ಸುರಿದ ರಾಸಾಯನಿಕಗಳು ಅದೇ ಹೊತ್ತಿಗೆ ಏರುಮಟ್ಟದಲ್ಲಿರುತ್ತವೆ. ಇವುಗಳ ಜೊತೆಗೆ ವೈರಸ್ ಹೊರಬಿಟ್ಟ ಎನ್‌ಎಸ್1 ಎಂಬ ಪ್ರೋಟೀನೂ ಸೇರಿ ಸಣ್ಣ ರಕ್ತನಾಳಗಳ ಒಳಮೈಗೆ ಇರುವ ತೆಳು ಲೇಪವನ್ನು ಸಡಿಲಿಸುತ್ತದೆ. ಹೀಗೆ ಜ್ವರ ಇಳಿಯುವುದೂ ನಾಳ ಸೋರುವುದೂ ಒಂದೇ ಹೊಡೆದಾಟದ ಫಲವಾದ್ದರಿಂದ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಹಿಂದೊಮ್ಮೆ ಒಂದು ಬಗೆ ಬಂದು ಹೋಗಿದ್ದವರಿಗೆ ಈಗ ಇನ್ನೊಂದು ಬಗೆ ಬಂದರೆ ಈ ಪ್ರತಿಕ್ರಿಯೆ ಜೋರಾಗುವ ಸಾಧ್ಯತೆ ಹೆಚ್ಚು. ಮೊದಲ ಸಲದ್ದು ಬರೀ ವೈರಲ್ ಜ್ವರ ಎಂದು ಮರೆತುಹೋಗಿರಲೂಬಹುದು.

ಸೋರಿಕೆ ಎಂದರೆ ಏನು ಸೋರುತ್ತದೆ? ಶ್ರೀಖಂಡಕ್ಕೆ ಮೊಸರನ್ನು ಅರಿವೆಯಲ್ಲಿ ಕಟ್ಟಿ ತೂಗುಹಾಕುವುದನ್ನು ನೆನೆಸಿಕೊಳ್ಳಿ. ನೀರು ಅರಿವೆಯಿಂದ ತೊಟ್ಟಿಕ್ಕುತ್ತದೆ, ಒಳಗೆ ಉಳಿದದ್ದು ಗಟ್ಟಿಯಾಗುತ್ತ ಹೋಗುತ್ತದೆ. ರಕ್ತನಾಳದಿಂದಲೂ ಹೊರಗೆ ಹೋಗುವುದು ರಕ್ತದ ನೀರಿನ ಭಾಗವಾದ ಪ್ಲಾಸ್ಮಾ. ಅದು ಹೊಟ್ಟೆಯಲ್ಲಿ, ಎದೆಗೂಡಿನಲ್ಲಿ ಶ್ವಾಸಕೋಶದ ಸುತ್ತ ನಿಲ್ಲುತ್ತದೆ. ಕೆಂಪು ಕಣಗಳು ದೊಡ್ಡವು, ಅವು ನಾಳದಲ್ಲೇ ಉಳಿಯುತ್ತವೆ, ರಕ್ತ ದಪ್ಪವಾಗುತ್ತದೆ. ಪಿಸಿವಿ ಅಳೆಯುವುದು ಈ ದಪ್ಪವನ್ನೇ, ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂದು. ಕೆಲವು ಲ್ಯಾಬಿನವರು ಇದನ್ನೇ ಹೆಚ್‌ಸಿಟಿ ಎಂದು ಬರೆಯುತ್ತಾರೆ. ನಿಮ್ಮ ಮಗನದು 38ರಿಂದ 46ಕ್ಕೆ, ಅಂದರೆ 8 ಏರಿದೆ. 38ರ ಮೇಲೆ 8 ಎಂದರೆ ಶೇ 21. ಶೇ 20 ದಾಟಿದರೆ ಗಣನೀಯ ಸೋರಿಕೆ ಎಂದೇ ಲೆಕ್ಕ. ಮಂಗಳವಾರದ 38 ಕೈಯಲ್ಲಿ ಇರದಿದ್ದರೆ ಶುಕ್ರವಾರದ 46 ಏನು ಹೇಳುತ್ತಿದೆ ಎಂದು ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಮೊದಲ ರಿಪೋರ್ಟನ್ನು ಎಸೆಯದೆ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ಬಿಪಿ 100/80 ನೋಡಿ 'ನಾರ್ಮಲ್ ಇದೆಯಲ್ಲ' ಅನ್ನಿಸುವುದು ಸಹಜ. ಮೇಲಿನ ಅಂಕಿ ಚೆನ್ನಾಗಿಯೇ ಇದೆ. ನೋಡಬೇಕಾದದ್ದು ಎರಡರ ನಡುವಿನ ಅಂತರ. ಸಾಮಾನ್ಯವಾಗಿ ಅದು 40ರ ಆಸುಪಾಸು ಇರುತ್ತದೆ, ಇಲ್ಲಿ 20ಕ್ಕೆ ಬಂದಿದೆ. ನಾಳದಲ್ಲಿ ದ್ರವ ಕಡಿಮೆಯಾದಾಗ ದೇಹ ಕೈಕಾಲಿನ, ಕರುಳಿನ ನಾಳಗಳನ್ನು ಬಿಗಿದು, ಇರುವ ರಕ್ತವನ್ನು ಮಿದುಳಿಗೆ, ಹೃದಯಕ್ಕೆ ತಿರುಗಿಸುತ್ತದೆ. ಬಿಗಿದಾಗ ಕೆಳಗಿನ ಅಂಕಿ ಮೇಲೇರುತ್ತದೆ, ಕೈಕಾಲು ತಣ್ಣಗಾಗುತ್ತವೆ. ಮಕ್ಕಳಲ್ಲಿ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ಅದನ್ನು ಶಾಕ್‌ನ, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ಮುಟ್ಟದ ಸ್ಥಿತಿಯ, ಮೊದಲ ಮೆಟ್ಟಿಲು ಎಂದೇ ಹಿಡಿಯುತ್ತಾರೆ. ಈ ಹೊತ್ತಿನಲ್ಲಿ ಹುಡುಗ ಎಚ್ಚರವಾಗಿ ಮಾತಾಡುತ್ತಲೇ ಇರುತ್ತಾನೆ, ಮೋಸವಾಗುವುದು ಅಲ್ಲೇ. ಮೇಲಿನ ಅಂಕಿ ಕುಸಿದು ಮಂಪರು ಬರುವ ತನಕ ಕಾದರೆ ಬಹಳ ತಡವಾಗಿರುತ್ತದೆ.

ಗುರುವಾರ ಮನೆಯಲ್ಲೇ ಇದು ಗೊತ್ತಾಗುತ್ತಿತ್ತೇ? ಜ್ವರ ನಿಜವಾಗಿ ವಾಸಿಯಾಗುತ್ತಿದ್ದರೆ ಮೈ ತಂಪಾದಂತೆ ಮಗು ಊಟ ಕೇಳುತ್ತದೆ, ಎದ್ದು ಕೂರುತ್ತದೆ. ಸೋರುತ್ತಿದ್ದರೆ ಮೈ ತಂಪಾಗುತ್ತ ಹೋದಂತೆ ಮಗು ಇನ್ನಷ್ಟು ಸೋಲುತ್ತದೆ, ಇಲ್ಲವೇ ಒಂದೇ ಸಮ ಹೊರಳಾಡುತ್ತದೆ. ಅಂಗೈ, ಅಂಗಾಲು ಮುಟ್ಟಿ ನೋಡಿ. ಮಗುವಿನ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಬೆರಳ ತುದಿಯನ್ನು 5 ಸೆಕೆಂಡು ಒತ್ತಿ ಬಿಡಿ. ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಕೊನೆಯ ಸಲ ಮೂತ್ರ ಹೋದದ್ದು ಯಾವಾಗ ಎಂದು ಬರೆದಿಡಿ, 6 ತಾಸು ದಾಟಿದರೆ ಕಾಯಬೇಡಿ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಇವುಗಳಲ್ಲಿ ಒಂದಿದ್ದರೂ ಆ ತಾಸಿನಲ್ಲೇ ಆಸ್ಪತ್ರೆಗೆ ಹೋಗಬೇಕು, ರಾತ್ರಿಯಾದರೂ ಸರಿ. ಇವು ಯಾವುವೂ ಇರದಿದ್ದರೂ ಜ್ವರ ಬಿಟ್ಟ ದಿನ, ಅದರ ಮರುದಿನ, ಎರಡೂ ದಿನ ರಕ್ತ ತಪಾಸಣೆ ಮಾಡಿಸಿ.

ಒಂದು ಗೊಂದಲ ಇರುತ್ತದೆ, ಜ್ವರ ತಾನಾಗಿ ಇಳಿಯಿತೋ, ಗುಳಿಗೆಯಿಂದ ಇಳಿಯಿತೋ ಎಂದು. ಪ್ಯಾರಸಿಟಮಾಲ್ ಕೆಲಸ 4ರಿಂದ 6 ತಾಸು. ಅದಾದ ಮೇಲೂ ಗುಳಿಗೆ ಇಲ್ಲದೆ 100ರ ಕೆಳಗೆ ನಿಂತಿದ್ದರೆ ಜ್ವರ ಬಿಟ್ಟಿದೆ ಎಂದು ತಿಳಿದು ಅಪಾಯದ 48 ತಾಸಿನ ಎಣಿಕೆ ಶುರುಮಾಡಿ. 'ಒಂದು ಸೂಜಿ ಮಾಡ್ರಿ, ಜ್ವರ ಲಗೂನ ಇಳೀಲಿ' ಎಂದು ಡೈಕ್ಲೋಫಿನಾಕ್ ಹಾಕಿಸಿಕೊಳ್ಳುವ ರೂಢಿ ನಮ್ಮ ಭಾಗದಲ್ಲಿ ಹೋಗಿಲ್ಲ. ಅದು, ಐಬುಪ್ರೊಫೆನ್, ಆಸ್ಪಿರಿನ್ ಮೂರೂ ಡೆಂಗಿಯಲ್ಲಿ ಬೇಡ. ಹೊಟ್ಟೆಯಲ್ಲಿ ರಕ್ತಸ್ರಾವ ತರುತ್ತವೆ, ಜೊತೆಗೆ ದಿನದ ಲೆಕ್ಕವನ್ನೂ ಕೆಡಿಸುತ್ತವೆ.

ಪ್ಲೇಟ್‌ಲೆಟ್ ಕಡಿಮೆಯಾದುದರಿಂದ ನಾಳ ಸೋರುವುದಿಲ್ಲ, ಪ್ಲೇಟ್‌ಲೆಟ್ ಹಾಕಿದರೆ ಸೋರಿಕೆ ನಿಲ್ಲುವುದೂ ಇಲ್ಲ. ರಕ್ತ ಹೋಗುತ್ತಿಲ್ಲವಾದರೆ 62 ಸಾವಿರಕ್ಕೆ ಅದರ ಅಗತ್ಯವಿಲ್ಲ, ಸಾಮಾನ್ಯವಾಗಿ 10 ಸಾವಿರದ ಕೆಳಗೆ ಹೋದಾಗ ಅದರ ವಿಚಾರ ಬರುತ್ತದೆ. ಬೇಕಾಗಿದ್ದದ್ದು ಸೋರಿದಷ್ಟು ದ್ರವ. ಇಂಥ ಸ್ಥಿತಿಯಲ್ಲಿ ಮೊದಲ ತಾಸಿನಲ್ಲಿ ಕೆಜಿಗೆ 10 ಎಂಎಲ್‌ನಂತೆ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಕೊಡುವುದುಂಟು, 30 ಕೆಜಿಗೆ ಅದು 300 ಎಂಎಲ್. ಕೈ ಬೆಚ್ಚಗಾಗಿ, ಬಿಪಿಯ ಅಂತರ ಅಗಲವಾದರೆ ವೇಗವನ್ನು ತಾಸಿಗೆ ಕೆಜಿಗೆ 5–7, ಆಮೇಲೆ 3–5, ಕೊನೆಗೆ 2–3 ಎಂಎಲ್‌ಗೆ ಇಳಿಸುತ್ತ ಬರುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಪಿಸಿವಿ ನೋಡುತ್ತಾರೆ. ಮಗುವನ್ನು ಐಸಿಯುದಲ್ಲಿ ಇಡುವುದು ಮುಖ್ಯವಾಗಿ ಈ ಏರಿಳಿತ ಕಾಯಲಿಕ್ಕೆ. ಪಿಸಿವಿ ಒಮ್ಮೆಲೆ ಇಳಿದು, ಮಗು ಸುಧಾರಿಸದೆ ನಾಡಿ ಇನ್ನೂ ಜೋರಾಗಿ ಹೊಡೆಯುತ್ತಿದ್ದರೆ ಒಳಗೆಲ್ಲೋ ರಕ್ತ ಹೋಗುತ್ತಿದೆ ಎಂದು ಅನುಮಾನಿಸಬೇಕು, ಆಗ ರಕ್ತವನ್ನೇ ಹಾಕಬೇಕಾಗುತ್ತದೆ.

ಸೋರಿಕೆ ಒಂದೆರಡು ದಿನದಲ್ಲಿ ತಾನೇ ನಿಲ್ಲುತ್ತದೆ. ನಿಂತ ಮೇಲೆ ಹೊಟ್ಟೆ, ಎದೆಯಲ್ಲಿ ನಿಂತ ನೀರೆಲ್ಲ ನಾಳಕ್ಕೆ ಮರಳುತ್ತದೆ. 'ಮಗು ಬಳಲಿದೆ, ಇನ್ನೊಂದು ಬಾಟಲಿ ಹಚ್ಚಿ' ಎಂದು ಮನೆಯವರು ಒತ್ತಾಯಿಸುವುದು ಹೆಚ್ಚಾಗಿ ಆಗಲೇ. ಮರಳಿದ ನೀರಿನ ಮೇಲೆ ಬಾಟಲಿಯ ನೀರೂ ಸೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಆಗ ಸಲೈನ್ ತೆಗೆಯುವುದೇ ಚಿಕಿತ್ಸೆ. ಧಾರಾಳವಾಗಿ ಮೂತ್ರ ಹೋಗುವುದು, ಹಸಿವು, ಕೆಂಪು ಮೈ ಮೇಲೆ ಬಿಳಿ ಚುಕ್ಕೆಗಳು ಉಳಿದಂಥ ದದ್ದು, ಅಂಗೈ ಅಂಗಾಲಿನ ತುರಿಕೆ ಚೇತರಿಕೆಯ ಗುರುತುಗಳು. ಆ ದದ್ದು ನೋಡಿ ಹೊಸ ರೋಗ ಎಂದು ಮತ್ತೆ ದವಾಖಾನೆಗೆ ಓಡಿಬರುವವರು ಬಹಳ ಮಂದಿ. ಅದು ಕೆಲ ದಿನದಲ್ಲಿ ತಾನೇ ಹೋಗುತ್ತದೆ, ತುರಿಕೆ ತಡೆಯಲಾಗದಿದ್ದರೆ ಮಾತ್ರ ಗುಳಿಗೆ ಕೇಳಿ.