ಜಿನೀವಾದ ಕನ್ಸಿಸ್ಟರಿಯ ಕೈಯಲ್ಲಿದ್ದ ಶಿಕ್ಷೆ

“ಕ್ಯಾಲ್ವಿನ್ ಕಾಲದ ಜಿನೀವಾದಲ್ಲಿ ಕನ್ಸಿಸ್ಟರಿ ಜನರನ್ನು ಜೈಲಿಗೆ ಹಾಕುತ್ತಿತ್ತೇ?”

ಇಲ್ಲ, ಆ ಅಧಿಕಾರ ನಗರದ ಪರಿಷತ್ತಿನದು. ಕನ್ಸಿಸ್ಟರಿ ಎಂದರೆ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ರೂಪಿಸಿದ ಚರ್ಚಿನ ಶಿಸ್ತು ಮಂಡಳಿ. 1541ರ ನಿಯಮಾವಳಿಯಂತೆ ಅದರಲ್ಲಿ ಪಾದ್ರಿಗಳೂ ನಗರದ ಪರಿಷತ್ತುಗಳಿಂದಲೇ ಆಯ್ದ 12 ಹಿರಿಯರೂ ಪ್ರತಿ ಗುರುವಾರ ಸೇರುತ್ತಿದ್ದರು. ಜಗಳವಾಡುವ ದಂಪತಿ, ಜೂಜುಕೋರ, ಲ್ಯಾಟಿನ್ನಿನಲ್ಲಿ ಹಳೆಯ ಕ್ಯಾಥೊಲಿಕ್ ಪ್ರಾರ್ಥನೆ ಹೇಳುವ ಮುದುಕಿ, ಎಲ್ಲರೂ ಅವರ ಮುಂದೆ ನಿಲ್ಲಬೇಕಿತ್ತು. ಬಹುತೇಕ ಪ್ರಕರಣಗಳು ಬುದ್ಧಿವಾದದಲ್ಲೇ ಮುಗಿಯುತ್ತಿದ್ದವು. ಹಠ ಹಿಡಿದವರಿಗೆ ವರ್ಷಕ್ಕೆ ನಾಲ್ಕು ಬಾರಿ ನಡೆಯುವ ಕರ್ತನ ಭೋಜನದಿಂದ, ಅಂದರೆ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ಚರ್ಚಿನ ವಿಧಿಯಿಂದ, ಬಹಿಷ್ಕಾರ.

ಇದನ್ನು ಹಗುರ ಶಿಕ್ಷೆ ಎಂದುಕೊಳ್ಳಬೇಡಿ. 1553ರಲ್ಲಿ ಬಹಿಷ್ಕೃತ ಫಿಲಿಬೆರ್ ಬೆರ್ತೆಲಿಯೆಗೆ ಪರಿಷತ್ತು ಭೋಜನಕ್ಕೆ ಬರಲು ಅನುಮತಿ ಕೊಟ್ಟಾಗ, ಪ್ರಾಣ ಹೋದರೂ ಅಂಥವರಿಗೆ ರೊಟ್ಟಿ ಕೊಡೆನೆಂದು ಕ್ಯಾಲ್ವಿನ್ ಪ್ರಸಂಗಪೀಠದಿಂದಲೇ ಸಾರಿದ. ಪರಿಷತ್ತೇ ಗುಟ್ಟಾಗಿ ತಡೆದದ್ದರಿಂದ ಬೆರ್ತೆಲಿಯೆ ಬರಲಿಲ್ಲ. ಬಹಿಷ್ಕಾರದ ಹಕ್ಕು ಕನ್ಸಿಸ್ಟರಿಗೆ ಖಚಿತವಾಗಿ ದಕ್ಕಿದ್ದು 1555ರಲ್ಲಿ.