ಶುಗರ್ 268, ದಿನಕ್ಕೆ ನಾಲ್ಕು ಸಲ ಭೇದಿ: ಯಾವ ಫೀಡ್ ಡಬ್ಬಿ, ಫೈಲಲ್ಲಿ ಎಂತ ಬರೀಬೇಕು?

ಪ್ರಶ್ನೆ: ಮೇಡಂ, ನಾನು ಕಾರವಾರದಲ್ಲಿ ಒಂದು ಆಸ್ಪತ್ರೆಲಿ ಡಯೆಟಿಷಿಯನ್. 64 ವರ್ಷದ ಅಂಕೋಲಾ ಕಡೆಯ ಅಜ್ಜ, ಸ್ಟ್ರೋಕ್ ಆಗಿ ನುಂಗೋಕೆ ಆಗ್ತಿಲ್ಲ, ರೈಲ್ಸ್ ಟ್ಯೂಬ್ ಹಾಕಿದಾರೆ, 12 ವರ್ಷದಿಂದ ಶುಗರ್ ಇದೆ, ತೂಕ 60 ಕೆಜಿ. ಸ್ಟ್ಯಾಂಡರ್ಡ್ ಫಾರ್ಮುಲಾ 300 ಎಂಎಲ್, ದಿನಕ್ಕೆ ಐದು ಸಲ ಕೊಡ್ತಾ ಇದೀವಿ. ಶುಗರ್ 250ರ ಮೇಲೇ ಇದೆ, ನಾಲ್ಕನೇ ದಿನದಿಂದ ಭೇದಿ ಬೇರೆ. ಒಬ್ಬ ಡಾಕ್ಟರ್ ಡಯಾಬಿಟಿಕ್ ಫಾರ್ಮುಲಾ ಹಾಕಿ ಅಂತಾರೆ, ಇನ್ನೊಬ್ಬರು ಪೆಪ್ಟೈಡ್ ಅಂತಾರೆ, ಮಗ ಗಂಜಿ ನೀರು ಬಿಟ್ರೆ ಸಾಲ್ದಾ ಅಂತ ಕೇಳ್ತಾನೆ. ಯಾವ್ದು ಸರಿ, ಅದನ್ನ ಫೈಲಲ್ಲಿ ಹೆಂಗೆ ಸಮರ್ಥಿಸೋದು? ಫೀಡ್ ಚಾರ್ಟ್, ಡ್ರಗ್ ಚಾರ್ಟ್ ಎರಡೂ ಕಳಿಸ್ತಾ ಇದೀನಿ.

ಉತ್ತರ: ಎರಡೂ ಚಾರ್ಟ್ ಕಳಿಸಿದ್ದು ಒಳ್ಳೇದಾಯ್ತು, ಉತ್ತರದ ಮುಕ್ಕಾಲು ಭಾಗ ಅದರಲ್ಲೇ ಇದೆ. ಸದ್ಯಕ್ಕೆ ಸ್ಟ್ಯಾಂಡರ್ಡ್ ಫಾರ್ಮುಲಾನೇ ಇರ್ಲಿ, ಡಬ್ಬಿ ಬದಲಾಯಿಸೋಕೆ ಮುಂಚೆ ಎರಡು ವಿಷಯ ಸರಿ ಮಾಡ್ಬೇಕು.

ಮೊದ್ಲು ಶುಗರ್. ನಿಮ್ಮ ಫೀಡ್ ಟೈಮ್ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಇನ್ಸುಲಿನ್ ಆರ್ಡರ್ ನೋಡಿದ್ರೆ ಬೆಳಿಗ್ಗೆ 8, ಮಧ್ಯಾಹ್ನ 1, ರಾತ್ರಿ 8. ಅಂದ್ರೆ ಬಾಯಲ್ಲಿ ಊಟ ಮಾಡೋ ಪೇಶೆಂಟಿಗೆ ಬರೆಯೋ ಆರ್ಡರನ್ನೇ ಇವರಿಗೂ ಎತ್ತಿ ಬರೆದಿದಾರೆ, ಇದು ಎಲ್ಲಾ ವಾರ್ಡಲ್ಲೂ ಆಗೋದೇ. ಗ್ಲುಕೋಮೀಟರ್ ಚೆಕ್ ಮಾಡಿದ್ದು 7.30ಕ್ಕೆ, 12.30ಕ್ಕೆ, ರಾತ್ರಿ 7.30ಕ್ಕೆ, ಊಟಕ್ಕೆ ಮುಂಚಿನ ಶುಗರ್ ಅಂತ ಬರೆದಿದೆ. ಆದ್ರೆ 7.30 ಅಂದ್ರೆ 6ರ ಫೀಡ್ ಹೋಗಿ ಒಂದೂವರೆ ತಾಸು, ಏರುಮುಖದಲ್ಲಿ ಇರೋ ಟೈಮಿಗೇ ಸರಿಯಾಗಿ ಸೂಜಿ ಚುಚ್ಚಿದ ಹಂಗಾಯ್ತು. 268 ಬಂದಿದ್ರಲ್ಲಿ ಆಶ್ಚರ್ಯ ಎಂತದೂ ಇಲ್ಲ. ಮಧ್ಯಾಹ್ನ 2ರ ಫೀಡಿಗೆ ಒಂದು ತಾಸು ಮುಂಚೆ ಇನ್ಸುಲಿನ್ ಇದೆ, ರಾತ್ರಿ 10ರದ್ದಕ್ಕೆ ಎರಡು ತಾಸು ಮುಂಚೆ, ಬೆಳಿಗ್ಗೆ 6ರದ್ದಕ್ಕೆ ಇಲ್ಲವೇ ಇಲ್ಲ. ಹೀಗಿರುವಾಗ ಎಷ್ಟೇ ದುಬಾರಿ ಡಬ್ಬಿ ತಂದ್ರೂ ನಂಬರ್ ಸ್ವಲ್ಪ ಇಳೀಬಹುದು, ಕಾರಣ ಮಾತ್ರ ಹಾಗೇ ಉಳಿಯುತ್ತೆ.

ಈಗ ಲೆಕ್ಕ ಹಾಕಿ ನೋಡುವ. 1500 ಎಂಎಲ್, ಒಂದು ಎಂಎಲ್‌ಗೆ ಒಂದು ಕ್ಯಾಲರಿ, ಅಂದ್ರೆ 1500 ಕ್ಯಾಲರಿ, ಕೆಜಿಗೆ 25 ಬಂತು, ಸರಿಯಾಗಿದೆ. ಸ್ಟ್ಯಾಂಡರ್ಡಲ್ಲಿ ಸುಮಾರು 52 ಪರ್ಸೆಂಟ್ ಕ್ಯಾಲರಿ ಕಾರ್ಬೋಹೈಡ್ರೇಟಿಂದ ಅಂತ ಹಿಡೀರಿ (ನಿಮ್ಮ ಡಬ್ಬಿ ಲೇಬಲ್ ನೋಡಿ ತಿದ್ದಿಕೊಳ್ಳಿ), ಅದು 195 ಗ್ರಾಂ, ಫೀಡಿಗೆ 39 ಗ್ರಾಂ. ಡಯಾಬಿಟಿಕ್ ಫಾರ್ಮುಲಾದಲ್ಲಿ ಕಾರ್ಬೋಹೈಡ್ರೇಟ್ ಕಡಿಮೆ, ಅದೂ ನಿಧಾನಕ್ಕೆ ಜೀರ್ಣ ಆಗೋದು, ಆ ಜಾಗ ತುಂಬೋದು ಕೊಬ್ಬು, ಹೆಚ್ಚಾಗಿ ಆಲಿವ್ ಎಣ್ಣೇಲಿ ಇರೋ ಥರದ್ದು, ಜೊತೆಗೆ ಫೈಬರ್. 38 ಪರ್ಸೆಂಟ್ ಅಂತ ಹಿಡಿದ್ರೆ ದಿನಕ್ಕೆ ಸುಮಾರು 142 ಗ್ರಾಂ, ಫೀಡಿಗೆ 28. ವ್ಯತ್ಯಾಸ ದಿನಕ್ಕೆ 53 ಗ್ರಾಂ. ಟ್ಯೂಬ್ ಫೀಡಿಗೆ ಸಾಮಾನ್ಯವಾಗಿ 10ರಿಂದ 15 ಗ್ರಾಂಗೆ ಒಂದು ಯೂನಿಟ್ ಇನ್ಸುಲಿನ್ ಅಂತ ಶುರು ಮಾಡ್ತಾರೆ, 12ರ ಲೆಕ್ಕದಲ್ಲಿ ಡಬ್ಬಿ ಬದಲಾಯಿಸಿದ್ದಕ್ಕೆ ಉಳಿಯೋದು ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು. ನಿಧಾನಕ್ಕೆ ಜೀರ್ಣ ಆಗೋದ್ರಿಂದ ಏರಿಳಿತ ಇನ್ನೂ ಸ್ವಲ್ಪ ತಗ್ಗುತ್ತೆ, ಅದು ನಿಜ, ಫೀಡ್ ಆದ್ಮೇಲಿನ ಶುಗರ್ ಇದರಲ್ಲಿ ಕಮ್ಮಿ ಇರುತ್ತೆ ಅನ್ನೋದಕ್ಕೆ ಅಧ್ಯಯನಗಳ ಬೆಂಬಲ ಇದೆ. ಆದ್ರೆ ನಾಲ್ಕು ಯೂನಿಟ್ ವ್ಯತ್ಯಾಸಕ್ಕೂ ಟೈಮಿಗೆ ಇನ್ಸುಲಿನ್ ಬೀಳದೇ ಇರೋದಕ್ಕೂ ಹೋಲಿಕೆ ಇಲ್ಲ ಮಾರಾಯ್ತಿ.

ಹಾಗಾಗಿ ಡಾಕ್ಟರ್ ಹತ್ರ ಕೂತು ಆರ್ಡರ್ ಬದಲಾಯಿಸಿ. ಪ್ರತಿ ಫೀಡಿಗೆ ಮುಂಚೆ ಶುಗರ್ ನೋಡೋದು, ಫೀಡಿನ ಇನ್ಸುಲಿನ್ ಫೀಡಿನ ಜೊತೆಗೇ, ಇವರಿಗೆ ಮೂರು ಯೂನಿಟ್ಟಿಂದ ಶುರು ಮಾಡ್ಬಹುದಾ ಅಂತ ಕೇಳಿ, ದಿನವಿಡೀ ಕೆಲಸ ಮಾಡೋ ಬೇಸಲ್ ಡೋಸ್ ಬೇರೆ. ಫೀಡ್ ನಾಲ್ಕು ತಾಸಿಗೊಮ್ಮೆ ಇರೋದ್ರಿಂದ ರೆಗ್ಯುಲರ್ ಇನ್ಸುಲಿನ್ ಹಾಕಿದ್ರೆ ಒಂದರ ಮೇಲೊಂದು ಕೂತು ಶುಗರ್ ಇಳಿದುಬಿಡೋ ಅಪಾಯ ಇದೆ, ಬೇಗ ಕೆಲಸ ಮಾಡಿ ಬೇಗ ಮುಗಿಯೋದು ವಾಸಿ, ಆದ್ರೆ ಯಾವ್ದು, ಎಷ್ಟು ಅನ್ನೋ ನಿರ್ಧಾರ ಅವರದ್ದು. ಟ್ಯೂಬ್ ಕಿತ್ತುಬಂತು, ಸಿ.ಟಿ.ಗೆ ಕರ್ಕೊಂಡು ಹೋದ್ರು, ಫೀಡ್ ತಪ್ಪಿತು ಅಂದ್ರೆ ಆ ಹೊತ್ತಿನ ಇನ್ಸುಲಿನ್ನೂ ತಪ್ಪಬೇಕು, ಈಗಾಗ್ಲೇ ಕೊಟ್ಟಾಗಿದ್ರೆ ಡಾಕ್ಟರಿಗೆ ತಕ್ಷಣ ಹೇಳಿ 10% ಡೆಕ್ಸ್ಟ್ರೋಸ್ ಡ್ರಿಪ್ ಹಾಕಿಸ್ಬೇಕು, ಇದನ್ನ ನರ್ಸಿಗೆ ಬಾಯಲ್ಲಿ ಹೇಳೋದಲ್ಲ, ಆರ್ಡರಲ್ಲೇ ಇರ್ಬೇಕು. ಹೀಗೆ ಎರಡು ದಿನ ನೋಡಿ. 140ರಿಂದ 180ರ ಒಳಗೆ ಬಂದ್ರೆ ಸ್ಟ್ಯಾಂಡರ್ಡೇ ಮುಂದುವರೀಲಿ. ಟೈಮೆಲ್ಲ ಸರಿ ಇದ್ದು, ಡೋಸ್ ಏರಿಸಿದ ಮೇಲೂ ದಾಟ್ತಾ ಇದೆ ಅಂದ್ರೆ ಆವಾಗ ಡಯಾಬಿಟಿಕ್ ಫಾರ್ಮುಲಾಗೆ ಗಟ್ಟಿ ಕಾರಣ ಸಿಕ್ತು.

ಇನ್ನು ಭೇದಿ. ಡ್ರಗ್ ಚಾರ್ಟಲ್ಲಿ ಎರಡನೇ ದಿನ ಮಲ ಕಟ್ಟಿದೆ ಅಂತ ಲ್ಯಾಕ್ಟುಲೋಸ್ ಸಿರಪ್ ಬರೆದಿದಾರೆ, 20 ಎಂಎಲ್ ದಿನಕ್ಕೆ ಎರಡು ಸಲ. ನಾಲ್ಕನೇ ದಿನದಿಂದ ಭೇದಿ ಅಂತ ನೀವೇ ಬರೆದಿದೀರಿ, ಆ ಸಿರಪ್ ಇವತ್ತಿಗೂ ನಿಂತಿಲ್ಲ! ಅದರ ಕೆಳಗೇ ಪೊಟ್ಯಾಸಿಯಂ ಸಿರಪ್ ಇದೆ, ಅದನ್ನ ನೀರು ಬೆರೆಸದೆ ಟ್ಯೂಬಲ್ಲಿ ತಳ್ಳಿದ್ರೆ ಕರುಳಿಗೆ ನೀರು ಎಳ್ಕೊಂಡು ಭೇದಿ ಮಾಡ್ಸುತ್ತೆ, ಸಾರ್ಬಿಟಾಲ್ ಇರೋ ಸಿರಪ್‌ಗಳೂ ಹಾಗೇ. ಆಂಟಿಬಯೋಟಿಕ್ ಬೇರೆ ನಡೀತಾ ಇದೆ. ಲ್ಯಾಕ್ಟುಲೋಸ್ ನಿಲ್ಲಿಸಿ ಒಂದೆರಡು ದಿನದಲ್ಲಿ ಕಮ್ಮಿ ಆಗದೇ ಇದ್ರೆ, ಅಥವಾ ಜ್ವರ, ಹೊಟ್ಟೆ ಉಬ್ಬರ ಬಂದ್ರೆ ಮಲ ಪರೀಕ್ಷೆ, ಸಿ. ಡಿಫ್ ಸೇರಿಸಿ. ಜೊತೆಗೆ ಫೀಡ್ ಕಲಸೋ ಜಾಗಕ್ಕೊಮ್ಮೆ ಹೋಗಿ ನೋಡ್ಬನ್ನಿ. ಪುಡಿ ಕಲಸಿದ ಫೀಡ್ ಹೊರಗೆ ನಾಲ್ಕು ತಾಸಿಗಿಂತ ಹೆಚ್ಚು ಇಡೋ ಹಾಗಿಲ್ಲ, ಕಾರವಾರದ ಏಪ್ರಿಲ್ ಸೆಕೆಗೆ ಬೆಳಿಗ್ಗೆನೇ ಇಡೀ ದಿನದ್ದು ಜಗ್ಗಲ್ಲಿ ಕಲಸಿ ಮೇಜಿನ ಮೇಲೆ ಇಟ್ಟಿದ್ರೆ ಆ ಜಗ್ಗೂ ಭೇದಿಗೆ ಕಾರಣ ಆಗಿರಬಹುದು.

ಇಲ್ಲಿ ಪೆಪ್ಟೈಡ್ ಎಂತಕ್ಕೆ ಬೇಡ ಅಂತಂದ್ರೆ, ಅದು ಹೀರಿಕೊಳ್ಳೋಕೆ ಆಗದ ಕರುಳಿಗೆ ಮಾಡಿದ್ದು. ಪ್ರೋಟೀನನ್ನ ಮೊದಲೇ ಸಣ್ಣ ತುಂಡು ಮಾಡಿರ್ತಾರೆ, ಕೊಬ್ಬಿನಲ್ಲಿ ದೊಡ್ಡ ಭಾಗ ಎಂಸಿಟಿ, ಅದು ಹೀರಲು ಪಿತ್ತರಸ, ಮೇದೋಜೀರಕದ ಕಿಣ್ವ ಇದರ ಹಂಗು ಅಷ್ಟಾಗಿ ಇಲ್ಲ. ಕರುಳು ಕತ್ತರಿಸಿ ಗಿಡ್ಡ ಆಗಿರೋದು, ಹಳೇ ಪ್ಯಾಂಕ್ರಿಯಾಟೈಟಿಸ್ ಇದ್ದು ಎಣ್ಣೆ ಎಣ್ಣೆಯಾಗಿ ತೇಲೋ ಮಲ, ಫೀಡ್ ಪೂರ್ತಿ ಹೋಗ್ತಾ ಇದ್ರೂ ತೂಕ ಇಳಿತಾ ಇರೋದು, ಔಷಧಿ, ಇನ್‌ಫೆಕ್ಷನ್ ಎಲ್ಲ ತಳ್ಳಿಹಾಕಿದ ಮೇಲೂ ನಿಲ್ಲದ ಭೇದಿ, ಇಂಥಾ ಕಡೆ ಅದು ನಿಜವಾಗ್ಲೂ ಕೆಲಸಕ್ಕೆ ಬರುತ್ತೆ. ಪ್ಯಾಂಕ್ರಿಯಾಟೈಟಿಸ್ ಅಂದ ಕೂಡ್ಲೇ ಪೆಪ್ಟೈಡ್ ಅನ್ನೋ ರೂಢಿ ಇದೆ, ಆದ್ರೆ ತೀವ್ರವಾದ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸಲ್ಲೂ ಸ್ಟ್ಯಾಂಡರ್ಡಿಂದಲೇ ಶುರು ಮಾಡಿ ಅಂತ 2016ರ ಆಸ್ಪೆನ್ ಐಸಿಯು ಗೈಡ್‌ಲೈನ್ ಹೇಳಿದೆ. ನಿಮ್ಮ ಅಜ್ಜನಿಗೆ ಇದ್ಯಾವ ಲಕ್ಷಣನೂ ಇಲ್ಲ. ಪೆಪ್ಟೈಡಿನ ಆಸ್ಮೋಲಾಲಿಟಿ, ಅಂದ್ರೆ ಕರುಳಿಗೆ ನೀರು ಎಳೆಯೋ ಗುಣ, ಎಷ್ಟೋ ಸಲ ಸ್ಟ್ಯಾಂಡರ್ಡಿಗಿಂತ ಹೆಚ್ಚಿರುತ್ತೆ, ಭೇದಿ ಇನ್ನೂ ಹೆಚ್ಚಾಗ್ಲೂಬಹುದು. ಅಥವಾ ಅದೇ ದಿನ ಯಾರೋ ಲ್ಯಾಕ್ಟುಲೋಸ್ ನಿಲ್ಲಿಸಿ ಭೇದಿ ನಿಂತ್ರೆ ಹೆಸರು ಪೆಪ್ಟೈಡಿಗೆ, ಆಮೇಲೆ ಅದನ್ನ ಬಿಡಿಸೋರು ಯಾರೂ ಇರಲ್ಲ, ಮನೆಗೂ ಅದೇ ಬರೆದು ಕಳಿಸ್ತಾರೆ.

ಫೈಲಲ್ಲಿ "ಪೇಶೆಂಟ್ ಡಯಾಬಿಟಿಕ್, ಆದ್ರಿಂದ ಡಯಾಬಿಟಿಕ್ ಫಾರ್ಮುಲಾ" ಅಂತ ಬರೆಯೋದು ಸಮರ್ಥನೆ ಅಲ್ಲ. ಏನು ತೊಂದರೆ ಇದೆ, ಅದಕ್ಕೆ ಕಾರಣ ಯಾವ್ದು ಅಂತ ನೋಡಿದ್ರಿ, ಯಾವ್ದನ್ನ ತಳ್ಳಿಹಾಕಿದ್ರಿ, ಈ ಡಬ್ಬಿ ಅದರಲ್ಲಿ ಯಾವ್ದನ್ನ ಸರಿ ಮಾಡುತ್ತೆ, ಯಾವ ದಿನ ಯಾವ ನಂಬರ್ ನೋಡಿ ಮುಂದಿನದ್ದು ನಿರ್ಧಾರ ಮಾಡ್ತೀರಿ, ಇಷ್ಟು ಓದೋರಿಗೆ ಸಿಗ್ಬೇಕು. ನಿಮ್ಮ ಕೇಸಿಗೆ ನಾನಾದ್ರೆ ಹೀಗೆ ಬರೀತಿದ್ದೆ, ನೀವು ಇಂಗ್ಲಿಷಲ್ಲಿ ಬರ್ಕೊಳ್ಳಿ:

"ದಿನ 6. ಸ್ಟ್ಯಾಂಡರ್ಡ್ ಫಾರ್ಮುಲಾ 300 ಎಂಎಲ್ × 5, 1500 ಕ್ಯಾಲರಿ, ಪ್ರೋಟೀನ್ ಸುಮಾರು 60 ಗ್ರಾಂ. ಗುರಿ 72 ಗ್ರಾಂ, ಕೊರತೆಗೆ ಪ್ರೋಟೀನ್ ಪುಡಿ ಸೇರಿಸಲಾಗಿದೆ. ಶುಗರ್ 251–279, ಎಲ್ಲವೂ ಫೀಡ್ ನಂತರದ ರೀಡಿಂಗ್. ಇನ್ಸುಲಿನ್ ಸಮಯ ಫೀಡಿಗೆ ಹೊಂದುತ್ತಿಲ್ಲ, ಡಾಕ್ಟರ್ ಜೊತೆ ಚರ್ಚಿಸಿ ಬದಲಾಯಿಸಲಾಗಿದೆ. ಭೇದಿ ದಿನಕ್ಕೆ 4, ಲ್ಯಾಕ್ಟುಲೋಸ್ ಶುರುವಾದ ನಂತರ; ನಿಲ್ಲಿಸಲು ಕೋರಲಾಗಿದೆ. ಹೀರಿಕೊಳ್ಳುವ ತೊಂದರೆಯ ಲಕ್ಷಣ ಇಲ್ಲ, ಪೆಪ್ಟೈಡ್ ಸದ್ಯ ಬೇಡ. ಸ್ಟ್ಯಾಂಡರ್ಡ್ ಮುಂದುವರಿಕೆ. ದಿನ 8ಕ್ಕೆ ಮರುಪರಿಶೀಲನೆ: ಡೋಸ್ ಏರಿಸಿದ ಮೇಲೂ ಫೀಡ್ ಮುಂಚಿನ ಶುಗರ್ 180 ಮೀರಿದ್ದರೆ ಡಯಾಬಿಟಿಕ್ ಫಾರ್ಮುಲಾ, ಭೇದಿ ನಿಲ್ಲದಿದ್ದರೆ ಮಲ ಪರೀಕ್ಷೆಯ ನಂತರ ಪೆಪ್ಟೈಡ್ ವಿಚಾರ."

"ಪೆಪ್ಟೈಡ್ ಸದ್ಯ ಬೇಡ" ಅಂತ ಕಾರಣ ಸಮೇತ ಬರೆದಿದ್ರೆ ನೈಟ್ ಡ್ಯೂಟಿಗೆ ಬರೋರು ಅದನ್ನ ಸುಮ್ಮನೆ ಬದಲಾಯಿಸಲ್ಲ, ಹೇಳಿದ ಡಾಕ್ಟರಿಗೂ ನೀವು ಅವರ ಮಾತು ಗಮನಕ್ಕೆ ತಗೊಂಡಿದೀರಿ ಅಂತ ಗೊತ್ತಾಗುತ್ತೆ.

ಮುಂದೆ ಡಯಾಬಿಟಿಕ್ ಫಾರ್ಮುಲಾಗೆ ಹೋಗೋದಾದ್ರೆ ಒಂದು ಎಚ್ಚರ ಬೇಕು. ಅವತ್ತೇ ಇನ್ಸುಲಿನ್ನೂ ಇಳೀಬೇಕು, ಫೀಡಿಗೆ 39 ಗ್ರಾಂ ಇದ್ದದ್ದು 28ಕ್ಕೆ ಬಂತಲ್ಲ, ಹಳೇ ಡೋಸ್ ಹಾಗೇ ಓಡಿದ್ರೆ ರಾತ್ರಿ 2ಕ್ಕೆ ಶುಗರ್ 60 ಆಗಿ ಅಜ್ಜ ಮಾತಾಡ್ತಿಲ್ಲ ಅಂತ ಫೋನ್ ಬರುತ್ತೆ, ಸ್ಟ್ರೋಕ್ ಪೇಶೆಂಟಲ್ಲಿ ಅದನ್ನ ಗುರುತಿಸೋದೂ ಕಷ್ಟ. ಮತ್ತೆ 12 ವರ್ಷದ ಶುಗರ್, ಹೊಟ್ಟೆ ನಿಧಾನಕ್ಕೆ ಖಾಲಿಯಾಗೋ ತೊಂದರೆ ಇದ್ರೂ ಇರಬಹುದು, ಕೊಬ್ಬು ಹೆಚ್ಚಿರೋ ಫಾರ್ಮುಲಾ ಅದನ್ನ ಇನ್ನೂ ನಿಧಾನ ಮಾಡುತ್ತೆ, ವಾಂತಿ, ಉಬ್ಬರ ನೋಡ್ತಾ ಇರಿ. ಫೈಬರ್ ಇರೋದ್ರಿಂದ ಸಣ್ಣ ಟ್ಯೂಬ್ ಕಟ್ಕೊಳ್ಳುತ್ತೆ, ಫೀಡಿನ ಹಿಂದೆ ಮುಂದೆ 30 ಎಂಎಲ್ ನೀರು ಬಿಡಿಸಿ.

ವಾರ್ಡಲ್ಲಿ ಸ್ಟ್ಯಾಂಡರ್ಡ್ ಸಾಕಾದವರಿಗೂ ಮನೆಗೆ ಹೋಗುವಾಗ ಡಯಾಬಿಟಿಕ್ ಫಾರ್ಮುಲಾ ಸರಿ ಅನ್ನಿಸೋ ಸಂದರ್ಭ ಇದೆ. ಹಳ್ಳಿ ಮನೇಲಿ ಸೊಸೆ ಒಬ್ಬಳೇ ನೋಡ್ಕೊಳ್ಳೋದು, ದಿನಕ್ಕೆ ಐದು ಸಲ ಇನ್ಸುಲಿನ್ ಹಾಕೋಕೆ ಸಾಧ್ಯ ಇಲ್ಲ, ಎರಡೇ ಸಲ ಅಂತ ಡಾಕ್ಟರ್ ಒಪ್ಪಿದಾರೆ ಅಂದ್ರೆ ಏರಿಳಿತ ಕಮ್ಮಿ ಮಾಡೋ ಫಾರ್ಮುಲಾಗೆ ಅದೇ ಕಾರಣ, ಅದನ್ನೇ ಬರೀರಿ. ಆದ್ರೆ ಖರ್ಚು ಮೊದಲೇ ಹೇಳ್ಬಿಡಿ. 1500 ಕ್ಯಾಲರಿಗೆ ಸುಮಾರು 330 ಗ್ರಾಂ ಪುಡಿ ಬೇಕು, 400 ಗ್ರಾಂ ಡಬ್ಬಿ ಒಂದೂಕಾಲು ದಿನನೂ ಬರಲ್ಲ, ತಿಂಗಳಿಗೆ 25 ಡಬ್ಬಿ. ಇದು ಗೊತ್ತಿಲ್ದೆ ಹೋದೋರು ಎರಡನೇ ವಾರಕ್ಕೆ ಸ್ಪೂನ್ ಲೆಕ್ಕ ಅರ್ಧ ಮಾಡ್ತಾರೆ, ಆವಾಗ ಶುಗರ್ ಚೆನ್ನಾಗೇ ಇರುತ್ತೆ, ಅಜ್ಜ ಸೊರಗಿರ್ತಾರೆ. ಮಗನ ಗಂಜಿ ನೀರಿನ ಪ್ರಶ್ನೆನೂ ಅಲ್ಲಿಂದಲೇ ಬಂದಿದ್ದು. ಕುಚಲಕ್ಕಿ ಗಂಜಿ ತಿಳಿಯಲ್ಲಿ ಇರೋದು ಪಿಷ್ಟ, ನೀರು, ಪ್ರೋಟೀನ್ ಲೆಕ್ಕಕ್ಕಿಲ್ಲ, ಬರೀ ಅದರಲ್ಲಿ ಆಗಲ್ಲ ಅಂತ ಹೇಳಿ. ದುಡ್ಡು ಹೊಂದಿಲ್ಲಾಂದ್ರೆ ಮೂರು ಫೀಡ್ ಫಾರ್ಮುಲಾ, ಎರಡು ಫೀಡ್ ಮನೇದು, ಹೆಸರುಬೇಳೆ, ಹಾಲು, ಎಣ್ಣೆ ಅಳತೆ ಮಾಡಿ ಬೇಯಿಸಿ ಅರೆದು ಸೋಸಿದ್ದು, ಪಾಕವಿಧಾನ ನೀವೇ ಬರ್ದು ಕೊಡಿ, ಎರಡೂ ಫೀಡಿನ ಕಾರ್ಬೋಹೈಡ್ರೇಟ್ ಗ್ರಾಂ ಡಿಸ್ಚಾರ್ಜ್ ಶೀಟಲ್ಲಿ ಬೇರೆ ಬೇರೆ ಹಾಕಿ, ಇನ್ಸುಲಿನ್ ಬರೆಯೋ ಡಾಕ್ಟರಿಗೆ ಅದು ಬೇಕಾಗುತ್ತೆ.