‘ಅಣ್ಣನಿಂದ ಹೊಲ ಹೋಯಿತು’ ಎಂದರೆ ತಪ್ಪು ಯಾರದು?

“ಸಂಪಾದಕರಿಗೆ ನಮಸ್ಕಾರ. ಇದರ ಜೊತೆ ನನ್ನ ಕಥೆ ಕಳಿಸಿದ್ದೇನೆ. ಓದಿದ ಗೆಳೆಯರೊಬ್ಬರು ‘ವಿಭಕ್ತಿಗಳು ಅಲ್ಲಲ್ಲಿ ತೊಡರುತ್ತವೆ’ ಎಂದರು. ನಾನು ಶಾಲೆಯ ವ್ಯಾಕರಣ ಪುಸ್ತಕ ಪಕ್ಕದಲ್ಲಿಟ್ಟುಕೊಂಡೇ ತಿದ್ದಿದ್ದೇನೆ, ಒಂದು ಪ್ರತ್ಯಯವೂ ತಪ್ಪಿಲ್ಲ ಅನ್ನಿಸುತ್ತದೆ. ಮೇಲೆ, ಹತ್ತಿರ, ಕೈಲಿ ಇಂಥವೆಲ್ಲ ಆಡುಮಾತಿನವೆಂದು ಆದಷ್ಟು ತೆಗೆದು ಶುದ್ಧ ವಿಭಕ್ತಿಯನ್ನೇ ಇಟ್ಟಿದ್ದೇನೆ. ತೊಡಕು ಎಲ್ಲಿದೆ? ಮುಚ್ಚುಮರೆಯಿಲ್ಲದೆ ಹೇಳಿ.”

ನಮಸ್ಕಾರ. ಕಥೆಯನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದಬೇಕಾಗಿ ಬಂದದ್ದೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. ಮೂರನೆಯ ಪುಟದಲ್ಲಿ ‘ಅಣ್ಣನಿಂದ ಹೊಲ ಹೋಯಿತು’ ಎಂದು ಬರೆದಿದ್ದೀರಿ. ಓಹೋ, ಅಣ್ಣ ಕುಡಿದೋ ಇಸ್ಪೀಟಾಡಿಯೋ ಹೊಲ ಕಳೆದ ಅಂದುಕೊಂಡು ಮುಂದೆ ಹೋದೆ. ಕೊನೆಗೆ ನೋಡಿದರೆ ಅಣ್ಣ ಪಾಪದವನು, ಹೊಲ ನುಂಗಿದವನು ಸಾಹುಕಾರ. ಆರು ಪುಟ ನಾನು ತಪ್ಪು ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ.

ಪ್ರತ್ಯಯ ತಪ್ಪಿಲ್ಲ, ನಿಜ. ‘ಅಣ್ಣನಿಂದ’ ಎಂಬ ರೂಪವನ್ನು ಯಾವ ಮೇಷ್ಟ್ರೂ ಕೆಂಪು ಶಾಯಿಯಲ್ಲಿ ಸುತ್ತುವುದಿಲ್ಲ. ಆದರೆ ಈ ‘ಇಂದ’ ಒಂದೇ ಕೆಲಸ ಮಾಡುವ ಆಳಲ್ಲ. ಕೊಡಲಿಯಿಂದ ಕಡಿದ ಎಂದಾಗ ಅದು ಸಾಧನ ಹೇಳುತ್ತದೆ. ಊರಿಂದ ಬಂದ ಎಂದಾಗ ಹೊರಟ ಜಾಗ. ಜ್ವರದಿಂದ ಮಲಗಿದ ಎಂದಾಗ ಕಾರಣ. ಸೋಮವಾರದಿಂದ ಎಂದಾಗ ಕಾಲದ ಆರಂಭ. ವಸ್ತು, ಊರು, ಜ್ವರಗಳ ವಿಷಯದಲ್ಲಿ ನಮಗೆ ಗೊಂದಲವಾಗುವುದಿಲ್ಲ, ಯಾಕೆಂದರೆ ಊರು ಯಾರನ್ನೂ ಕಡಿಯುವುದಿಲ್ಲ, ಕೊಡಲಿ ಯಾರೂ ಹೊರಡುವ ಜಾಗವಲ್ಲ. ಎಡವುವುದು ಮನುಷ್ಯರು ಬಂದಾಗ. ಮನುಷ್ಯನಿಗೆ ‘ಇಂದ’ ಹಚ್ಚಿದ ಕೂಡಲೇ ಕನ್ನಡದ ಕಿವಿ ಮೊದಲು ಕೇಳಿಸಿಕೊಳ್ಳುವುದು ಕಾರಣವನ್ನು. ‘ನಿನ್ನಿಂದ ಹೀಗಾಯ್ತು’, ‘ಅವನಿಂದ ಮನೆ ಹಾಳಾಯ್ತು.’ ಮನುಷ್ಯನೊಬ್ಬ ಹೊರಟ ಜಾಗವಾಗಬೇಕಾದರೆ ಸಾಮಾನ್ಯವಾಗಿ ನಡುವೆ ಇನ್ನೊಂದು ಪದ ಬರಬೇಕು. ‘ಅಣ್ಣನ ಕೈಯಿಂದ ಹೊಲ ಹೋಯಿತು’ ಎಂದು ಬರೆದಿದ್ದರೆ ಅಣ್ಣ ಕಳೆದುಕೊಂಡವನಾಗುತ್ತಿದ್ದ, ಕಳೆದವನಲ್ಲ. ಪತ್ರ, ಫೋನು, ಸುದ್ದಿಯಂಥವಕ್ಕೆ ವಿನಾಯಿತಿ ಇದೆ: ‘ಅಣ್ಣನಿಂದ ಪತ್ರ ಬಂತು’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ಪತ್ರ ಕಳಿಸಿದವನು ಅವನೇ ತಾನೆ.

ನೀವು ಆಡುಮಾತಿನ ಕಸವೆಂದು ಗುಡಿಸಿ ಹಾಕಿದ್ದು ಈ ನಡುವಿನ ಪದಗಳನ್ನೇ. ಭಾಷಾಶಾಸ್ತ್ರದವರು ಅವನ್ನು ಪರಸರ್ಗ ಎನ್ನುತ್ತಾರೆ, ನಮ್ಮ ಶಾಲಾ ವ್ಯಾಕರಣ ಅವುಗಳಲ್ಲಿ ಹಲವನ್ನು ಅವ್ಯಯದ ಬುಟ್ಟಿಗೆ ಹಾಕಿ ಕೈತೊಳೆದುಕೊಳ್ಳುತ್ತದೆ. ಕೈ, ಕಡೆ, ಹತ್ತಿರ, ಬಳಿ, ಮೇಲೆ, ಒಳಗೆ, ಜೊತೆ ಇವು ನಿಜವಾಗಿ ಕೆಲಸ ಮಾಡುವ ರೀತಿ ನೋಡಿ. ‘ಅಟ್ಟದ ಮೇಲಿಂದ ಬಿದ್ದ’ ಎನ್ನುವಾಗ ‘ಇಂದ’ ಎಲ್ಲೂ ಹೋಗಿಲ್ಲ. ಅದು ಅಟ್ಟವನ್ನು ಬಿಟ್ಟು ‘ಮೇಲೆ’ಗೆ ಹೋಗಿ ಅಂಟಿಕೊಂಡಿದೆ, ಅಟ್ಟ ‘ಅಟ್ಟದ’ ಎಂದು ಷಷ್ಠಿಯಲ್ಲಿ ನಿಂತಿದೆ. ಹತ್ತಿರಕ್ಕೆ, ಹತ್ತಿರದಿಂದ, ಹತ್ತಿರದ. ಒಳಕ್ಕೆ, ಒಳಗಿಂದ, ಒಳಗಿನ. ಅಂದರೆ ಇವು ತಾವೇ ನಾಮಪದಗಳಂತೆ ವಿಭಕ್ತಿ ಹಿಡಿಯುತ್ತವೆ. ನೀವು ಪರಸರ್ಗ ತೆಗೆದಾಗ ವಿಭಕ್ತಿ ಶುದ್ಧವಾಗಲಿಲ್ಲ, ಅದಕ್ಕೆ ನಿಲ್ಲಲು ಇದ್ದ ಸರಿಯಾದ ಜಾಗ ಹೋಯಿತು.

ಇನ್ನು ಐದನೆಯ ಪುಟ. ‘ಮರದ ದೆಸೆಯಿಂದ ಹಣ್ಣು ಬಿದ್ದಿತು.’ ಕ್ಷಮಿಸಿ, ಇಲ್ಲಿ ನಕ್ಕುಬಿಟ್ಟೆ. ಪಂಚಮಿಗೆ ‘ದೆಸೆಯಿಂದ’ ಎಂದು ಪುಸ್ತಕದಲ್ಲಿದೆ, ನೀವು ವಿಧೇಯರಾಗಿ ಬರೆದಿದ್ದೀರಿ. ಆದರೆ ‘ನಿನ್ನ ದೆಸೆಯಿಂದ ನಾನು ಬೈಸಿಕೊಂಡೆ’ ಎನ್ನುವ ಜನಕ್ಕೆ ನಿಮ್ಮ ವಾಕ್ಯ ಓದಿದರೆ, ಮರ ಏನೋ ಕಿತಾಪತಿ ಮಾಡಿ ಹಣ್ಣನ್ನು ಬೀಳಿಸಿತು ಅನ್ನಿಸುತ್ತದೆ. ‘ಮರದಿಂದ ಹಣ್ಣು ಬಿತ್ತು’ ಸಾಕು.

ಈ ‘ದೆಸೆಯಿಂದ’ ಕೋಷ್ಟಕಕ್ಕೆ ಬಂದ ದಾರಿ ತಿಳಿದರೆ ಅದರ ಮೇಲಿನ ಭಯಭಕ್ತಿ ಸ್ವಲ್ಪ ಇಳಿದೀತು. ಸಂಸ್ಕೃತದಲ್ಲಿ ತೃತೀಯಾ ಬೇರೆ, ಪಂಚಮೀ ಬೇರೆ. ಕನ್ನಡದಲ್ಲಿ ಎರಡೂ ಕೆಲಸವನ್ನು ‘ಇಂದ’ ಒಂದೇ ಮಾಡುತ್ತದೆ. ಆದರೂ ಏಳು ಮನೆ ತುಂಬಬೇಕಲ್ಲ? 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಪಂಚಮಿಗೆ ‘ಅತ್ತಣಿಂ’ ಕೊಟ್ಟ. ಬಿಡಿಸಿ ನೋಡಿ: ಅತ್ತಣ, ಅಂದರೆ ಆ ಕಡೆಯ, ಅದಕ್ಕೆ ‘ಇಂ’, ಅಂದರೆ ಹಳಗನ್ನಡದ ತೃತೀಯೆಯೇ. ಹೊಸಗನ್ನಡದವರು ಅದರ ಜಾಗಕ್ಕೆ ‘ದೆಸೆಯಿಂದ’ ತಂದರು. ದಿಶೆಯ ತದ್ಭವ ದೆಸೆ, ಅದಕ್ಕೆ ಮತ್ತೆ ‘ಇಂದ’. ಹಾಗಾಗಿ ನೀವು ಶುದ್ಧ ವಿಭಕ್ತಿ ಎಂದು ನಂಬಿ ಹಿಡಿದದ್ದು ಷಷ್ಠಿಯ ಮುಂದೆ ಬಂದ ಒಂದು ಪರಸರ್ಗ. ‘ಕಡೆಯಿಂದ’ ಎಂಬುದಕ್ಕೂ ಅದಕ್ಕೂ ಹುಟ್ಟಿನಲ್ಲಿ ವ್ಯತ್ಯಾಸವಿಲ್ಲ. ಒಂದಕ್ಕೆ ಕೋಷ್ಟಕದಲ್ಲಿ ಕುರ್ಚಿ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ, ಅಷ್ಟೆ. ಹಳಗನ್ನಡದ ಸಪ್ತಮಿ ‘ಒಳ್’ ಕೂಡ ಒಳಗು ಎಂಬ ಅರ್ಥದ ಮಾತೇ.

ನೀವು ಅತಿ ಹೆಚ್ಚು ಸಲ ಅಳಿಸಿರುವುದು ‘ಕೈಲಿ’. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಗುರುತುಗಳು ಕಾಣುತ್ತಿವೆ. ‘ನನ್ನ ಕೈಲಿ ನಡೆಯೋಕಾಗಲ್ಲ ಮಗಾ’ ಎಂದು ಅಜ್ಜಿ ಹೇಳುತ್ತಿದ್ದಳು, ಅದನ್ನು ತಿದ್ದಿ ‘ನನ್ನಿಂದ ನಡೆಯಲು ಸಾಧ್ಯವಾಗುವುದಿಲ್ಲ’ ಮಾಡಿದ್ದೀರಿ. ಮೊದಲಿನದೇ ಸರಿ ಇತ್ತು. ನಡೆಯುವುದು ಕಾಲಲ್ಲಿ, ಆದರೂ ಅಜ್ಜಿ ಕೈಲಿ ಅನ್ನುತ್ತಾಳೆ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಇಲ್ಲಿ ಕೈ ಎಂಬುದು ದೇಹದ ಅಂಗವಾಗಿ ಉಳಿದಿಲ್ಲ, ಪ್ರತ್ಯಯವಾಗುವ ದಾರಿಯಲ್ಲಿ ಬಹಳ ದೂರ ಬಂದಿದೆ. ‘ಮಗನ ಕೈಲಿ ಕಾಗದ ಬರೆಸಿದಳು’ ಎಂದಾಗ ಅದು ಕೈ ಹೌದೋ ಅಲ್ಲವೋ ಎಂದು ಅನುಮಾನವಿರಬಹುದು, ‘ಮಗನ ಕೈಲಿ ಹಾಡು ಹೇಳಿಸಿದಳು’ ಎಂದಾಗ ಅನುಮಾನವೇ ಇಲ್ಲ. ‘ಇಂದ’ದ ಒಂದು ಕೆಲಸವನ್ನು, ಅಂದರೆ ಮಾಡಬಲ್ಲವನು ಯಾರು ಅಥವಾ ಮಾಡಿಸಿದ್ದು ಯಾರಿಂದ ಎಂದು ಹೇಳುವುದನ್ನು, ಆಡುಮಾತು ‘ಕೈಲಿ’ಗೆ ವಹಿಸಿಕೊಟ್ಟಿದೆ. ನಿರೂಪಣೆಯಲ್ಲಿ ‘ಇಂದ’ ಇರಲಿ ಬೇಕಾದರೆ. ಅಜ್ಜಿಯ ಬಾಯಿಗೆ ಮಾತ್ರ ಅದನ್ನು ತುರುಕಬೇಡಿ.

ಜಾಗ ಹೇಳುವಾಗಲೂ ಮನುಷ್ಯ ಬೇರೆ, ಮನೆ ಬೇರೆ. ‘ಅವಳು ವೈದ್ಯರಿಗೆ ಹೋದಳು’ ಎಂದು ಬರೆದಿದ್ದೀರಿ. ಆಸ್ಪತ್ರೆಗೆ ಹೋಗಬಹುದು, ವೈದ್ಯರಿಗೆ ಹೋಗಲಾಗದು. ವೈದ್ಯರ ಹತ್ತಿರ ಹೋಗಬೇಕು. ಇದಕ್ಕೆ ಊರೂರಿಗೆ ಬೇರೆ ಪದವಿದೆ. ಧಾರವಾಡದ ಕಡೆ ‘ಅವನ ಕಡೆ ರೊಕ್ಕ ಐತಿ’, ಮಂಡ್ಯದಲ್ಲಿ ‘ಅವನ ತಾವ ದುಡ್ಡೈತೆ’, ಮಂಗಳೂರಲ್ಲಿ ‘ಅವನ ಹತ್ರ ದುಡ್ಡುಂಟು’. ನಿಮ್ಮ ಕಥೆ ನಡೆಯುವುದು ಮಂಡ್ಯದ ಕಬ್ಬಿನ ಗದ್ದೆಯಲ್ಲಿ, ಆದರೆ ಮಾತಾಡುವವರೆಲ್ಲ ‘ಅವನಲ್ಲಿ ಹಣವಿದೆ’ ಅನ್ನುತ್ತಾರೆ. ‘ಅವನಲ್ಲಿ’ ಎಂಬುದು ತಾಳ್ಮೆಗೆ, ಹೊಟ್ಟೆಕಿಚ್ಚಿಗೆ, ಒಳ್ಳೆಯತನಕ್ಕೆ ಚೆನ್ನಾಗಿ ಒಪ್ಪುತ್ತದೆ. ಜೇಬಿನಲ್ಲಿರುವ ನೋಟಿಗೆ ಆ ಊರಲ್ಲಿ ‘ತಾವ’ವೇ ಬೇಕು.

‘ಗೋಡೆಯಲ್ಲಿ ಹಲ್ಲಿ’ ಎಂಬುದನ್ನು ‘ಗೋಡೆ ಮೇಲೆ ಹಲ್ಲಿ’ ಮಾಡಿದ್ದೇನೆ. ಮುಂದಿನ ಸಾಲಿನ ‘ಗೋಡೆಯಲ್ಲಿ ಬಿರುಕು’ ಹಾಗೆಯೇ ಇದೆ. ಬಿರುಕು ಗೋಡೆಯದೇ ಭಾಗ, ಹಲ್ಲಿ ನಾಳೆ ಬೇರೆ ಗೋಡೆಗೆ ಹೋಗುತ್ತದೆ. ಹಾಗೆಯೇ ಗೋಡೆಯ ಎಂಬ ‘ಯ’ ಬಿಟ್ಟದ್ದನ್ನು ನೋಡಿ ಗಾಬರಿಯಾಗಬೇಡಿ. ಇ, ಎ ಕೊನೆಯಲ್ಲಿರುವ ಪದಗಳಲ್ಲಿ ಪರಸರ್ಗದ ಹಿಂದಿನ ಷಷ್ಠಿ ಉದುರುವುದುಂಟು: ಮನೆ ಮುಂದೆ, ನಾಯಿ ಜೊತೆ, ಅಜ್ಜಿ ಹತ್ತಿರ. ‘ಮರ ಮೇಲೆ’, ‘ಅಮ್ಮ ಜೊತೆ’ ಎಂದು ಮಾತ್ರ ಆಗದು, ಅಲ್ಲಿ ‘ಮರದ’, ‘ಅಮ್ಮನ’ ಇರಲೇಬೇಕು.

ಇಷ್ಟೆಲ್ಲ ಓದಿ ಪರಸರ್ಗವನ್ನು ಎಲ್ಲ ಕಡೆ ಸುರಿಯಲು ಹೊರಟೀರಿ ಎಂಬ ಭಯವೂ ನನಗಿದೆ, ಯಾಕೆಂದರೆ ಅದರ ಲಕ್ಷಣ ಈಗಲೇ ಎರಡು ಕಡೆ ಇದೆ. ‘ಚಾಕುವಿನೊಂದಿಗೆ ಈರುಳ್ಳಿ ಹೆಚ್ಚಿದಳು’ ಎಂದರೆ ಅವಳೂ ಚಾಕುವೂ ಒಟ್ಟಿಗೆ ಕೂತು ಹೆಚ್ಚಿದ ಹಾಗೆ. ಒಂದಿಗೆ, ಜೊತೆ, ಸಂಗಡ ಇವು ಒಡನಾಟಕ್ಕೆ. ಸಾಧನಕ್ಕೆ ‘ಚಾಕುವಿನಿಂದ’, ಮಾತಿನಲ್ಲಾದರೆ ‘ಚಾಕುವಲ್ಲಿ’. ಇನ್ನೊಂದು, ‘ಅವಳು ನೀರಿಗಾಗಿ ಹೋದಳು’. ನಿಮ್ಮ ಊರಿನವರು ‘ನೀರಿಗೆ ಹೋದಳು’ ಎನ್ನುವುದಿಲ್ಲವೇ? ಸೌದೆಗೆ, ಹಾಲಿಗೆ, ಸೊಪ್ಪಿಗೆ ಹೋಗುತ್ತಾರೆ. ದಿನನಿತ್ಯದ ಕೆಲಸಕ್ಕೆ ಬರಿಯ ಚತುರ್ಥಿ ಸಾಕು. ‘ಗಾಗಿ’ ಬಂದರೆ ಅದರ ಹಿಂದೆ ಒಂದು ಸಂಕಲ್ಪ, ಒಂದು ತ್ಯಾಗ ಇದೆ ಅನ್ನಿಸುತ್ತದೆ. ‘ಮಗಳಿಗಾಗಿ ಸಾಲ ಮಾಡಿದ’ ಎಂಬ ನಿಮ್ಮದೇ ಸಾಲಿನಲ್ಲಿ ಅದು ಹೊಂದಿಕೊಂಡಿದೆ. ‘ಮಗಳಿಗೆ ಸಾಲ ಕೊಟ್ಟ’ ಎಂದರೆ ಬೇರೆಯೇ ಅಪ್ಪ.

ಈ ರೂಪದಲ್ಲಿ ಕಥೆಯನ್ನು ಹಾಕಲಾರೆ. ಪ್ರತಿಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ ವಾಪಸು ಕಳಿಸುತ್ತಿದ್ದೇನೆ. ತಿದ್ದುವಾಗ ಮನುಷ್ಯರ ಹೆಸರಿಗೆ ‘ಇಂದ’ ಬಂದ ಕಡೆಗಳಲ್ಲಿ ಮಾತ್ರ ನಿಂತು, ಅದರ ಜಾಗಕ್ಕೆ ಒಮ್ಮೆ ‘ಕಾರಣ’ ಇಟ್ಟು ನೋಡಿ, ಒಮ್ಮೆ ‘ಕೈಯಿಂದ’, ‘ಹತ್ತಿರದಿಂದ’ ಇಟ್ಟು ನೋಡಿ. ಎರಡೂ ಕೂತರೆ ಆ ವಾಕ್ಯ ಓದುಗನನ್ನು ದಾರಿ ತಪ್ಪಿಸುತ್ತದೆ. ನಾನು ಎಣಿಸಿದಂತೆ ಅಂಥವು ನಾಲ್ಕಿವೆ. ಮೂರನ್ನು ನಾನೇ ತಿದ್ದಿದ್ದೇನೆ. ನಾಲ್ಕನೆಯದು ಕಥೆಯ ಕೊನೆಯ ಸಾಲು: ‘ಅಮ್ಮನಿಂದ ಅವನು ಊರು ಬಿಟ್ಟ.’ ಅಮ್ಮನ ಮಾತು ತಾಳಲಾರದೆ ಬಿಟ್ಟನೋ, ಅಮ್ಮನ ಹತ್ತಿರದಿಂದ ಎದ್ದು ಹೋದನೋ ನನಗೆ ಗೊತ್ತಾಗಲಿಲ್ಲ. ಅದನ್ನು ಮುಟ್ಟದೆ ಬಿಟ್ಟಿದ್ದೇನೆ, ಯಾವುದೆಂದು ಬರೆದು ಕಳಿಸಿ.